ಜಿರಾದಲ್ಲಿ ಎರಡನೇ ಪ್ರಾಜೆಕ್ಟ್: ನಾಲ್ಕು ವರ್ಷ ಬಳಸಿದವನ ಅನುಭವ

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದು ಯಂತ್ರಗಳ ಸರ್ವೀಸ್ ಮಾಡುವ ಸಣ್ಣ ತಂಡ. ಬರುವ ದೂರುಗಳನ್ನೆಲ್ಲ ನಾಲ್ಕು ವರ್ಷದಿಂದ ಜಿರಾ ಅನ್ನೋ ಸಾಫ್ಟ್‌ವೇರ್‌ನಲ್ಲಿ ಟಿಕೆಟ್‌ಗಳಾಗಿ ಹಾಕುತ್ತಿದ್ದೇವೆ. ಕಾನ್ಬಾನ್ ಟೆಂಪ್ಲೇಟ್ ಆರಿಸಿದರೆ ಟಿಕೆಟ್‌ಗಳನ್ನು ಕಾಲಂಗಳಲ್ಲಿ ತೋರಿಸುವ ಬೋರ್ಡು, ಟಿಕೆಟ್ ಯಾವ ಹಂತದಿಂದ ಯಾವ ಹಂತಕ್ಕೆ ಹೋಗಬೇಕು ಅನ್ನೋ ವರ್ಕ್‌ಫ್ಲೋ ಎರಡೂ ಸಿದ್ಧವಾಗಿ ಬರುತ್ತವೆ. ಮೊದಲ ಪ್ರಾಜೆಕ್ಟ್‌ಗೆ ಅಷ್ಟು ಸಾಕಾಗಿತ್ತು. ತಲೆನೋವು ಶುರುವಾಗಿದ್ದು ಎರಡನೆಯದರಲ್ಲಿ, ಅದೂ ನನ್ನದೇ ತಪ್ಪಿನಿಂದ.

ಹೊಸ ಗಿರಾಕಿಗೆ ಬೇರೆ ಪ್ರಾಜೆಕ್ಟ್ ಬೇಕಿತ್ತು. ಪ್ರಾಜೆಕ್ಟ್‌ಗಳ ನಡುವೆ ಸೆಟ್ಟಿಂಗ್ ಹಂಚಿಕೊಳ್ಳಬಹುದಾದ ಕಂಪನಿ-ಮ್ಯಾನೇಜ್ಡ್ ಬಗೆ ಆರಿಸಿ, ಹಳೆಯ ಪ್ರಾಜೆಕ್ಟ್‌ನ ಸೆಟ್ಟಿಂಗ್ ಹಂಚಿಕೊಳ್ಳುವ ಆಯ್ಕೆಗೆ ಟಿಕ್ ಹಾಕಿದೆ. ಜೆರಾಕ್ಸ್ ತೆಗೆದ ಹಾಗೆ ಅಂದುಕೊಂಡಿದ್ದೆ. ಅದು ಜೆರಾಕ್ಸ್ ಅಲ್ಲ. ಎರಡೂ ಪ್ರಾಜೆಕ್ಟ್ ಒಂದೇ ವರ್ಕ್‌ಫ್ಲೋ ಬಳಸುತ್ತವೆ, ಇಲ್ಲಿ ತಿದ್ದಿದರೆ ಅಲ್ಲೂ ಬದಲಾಗುತ್ತದೆ.

ಹೊಸದರಲ್ಲಿ ‘ಬಿಡಿಭಾಗ ಬರಬೇಕು’ ಅಂತ ಒಂದು ಸ್ಟೇಟಸ್ ಸೇರಿಸಿದೆ. ಹಳೆಯ ಪ್ರಾಜೆಕ್ಟ್‌ನ ಹುಡುಗರಿಗೂ ಅದು ಕಾಣಿಸಿತು, ಬಳಸಿದರು. ಎರಡು ದಿನ ಬಿಟ್ಟು ಫೋನ್: ‘ಸಾರ್, ಬೋರ್ಡಲ್ಲಿ ಕೆಲವು ಟಿಕೆಟ್‌ಗಳೇ ಇಲ್ಲ!’ ಹುಡುಕಾಟದಲ್ಲಿ 23 ಬಾಕಿ ಟಿಕೆಟ್ ಸಿಗುತ್ತಿದ್ದವು, ಬೋರ್ಡಿನಲ್ಲಿ 16 ಮಾತ್ರ. ಏನೂ ಅಳಿಸಿರಲಿಲ್ಲ. ಹೊಸ ಸ್ಟೇಟಸ್ ಯಾವ ಕಾಲಂಗೂ ಸೇರಿರಲಿಲ್ಲ, ಅದಕ್ಕೇ ಆ 7 ಕಾಣುತ್ತಿರಲಿಲ್ಲ. ವರ್ಕ್‌ಫ್ಲೋ ಹಂಚಿಕೆಯಾಗಿದ್ದರೂ ಬೋರ್ಡಿನ ಕಾಲಂಗಳು ಆಯಾ ಬೋರ್ಡಿಗೇ ಸೇರಿದ್ದು. ಬೋರ್ಡ್ ಸೆಟ್ಟಿಂಗ್‌ನ `Columns` ಪುಟದಲ್ಲಿ `Unmapped statuses` ಅಂತ ಒಂದು ಪಟ್ಟಿ ಇರುತ್ತದೆ. ಅಲ್ಲಿಂದ ಸ್ಟೇಟಸ್ಸನ್ನು ಎಳೆದು ಒಂದು ಕಾಲಂಗೆ ಹಾಕಿದ ಕೂಡಲೇ ಏಳೂ ಬಂದವು.

ರೋಲ್‌ಗಳದ್ದು ಇನ್ನೊಂದು ಕಥೆ. ನಮ್ಮಲ್ಲಿ ಟಿಕೆಟ್ ಮುಚ್ಚುವ ಅಧಿಕಾರ ‘ತಪಾಸಣೆ’ ರೋಲ್‌ನವರಿಗೆ ಮಾತ್ರ. ಆ ನಿಯಮ ವರ್ಕ್‌ಫ್ಲೋ ಜೊತೆ ಹೊಸ ಪ್ರಾಜೆಕ್ಟ್‌ಗೂ ಬಂತು, ಆದರೆ ಅಲ್ಲಿ ಆ ರೋಲ್‌ನಲ್ಲಿ ಯಾರೂ ಇರಲಿಲ್ಲ. ಪರಿಣಾಮ, ಅಲ್ಲಿ ಮುಚ್ಚುವ ಆಯ್ಕೆ ಯಾರಿಗೂ ಕಾಣಲಿಲ್ಲ. ಅಡ್ಮಿನ್ ಆದ ನನಗೂ ಇಲ್ಲ! ಎರರ್ ಏನೂ ತೋರಿಸುವುದಿಲ್ಲ, ಬಟನ್ ಸುಮ್ನೆ ಮಾಯ. ಪ್ರಾಜೆಕ್ಟ್ ಸೆಟ್ಟಿಂಗ್‌ಗೆ ಹೋಗಿ ಇಬ್ಬರನ್ನು ಆ ರೋಲ್‌ಗೆ ಸೇರಿಸಿದ ಮೇಲೆ ಸರಿಹೋಯಿತು.

ಈಗ ಹೊಸ ಪ್ರಾಜೆಕ್ಟ್‌ಗೆ ಬೇರೆ ಹಂತ ಬೇಕಿದ್ದರೆ ಮೊದಲೇ ವರ್ಕ್‌ಫ್ಲೋದ ನಕಲು ಮಾಡಿ, ಆ ನಕಲನ್ನು ಪ್ರಾಜೆಕ್ಟ್‌ಗೆ ಜೋಡಿಸುವ ಪ್ರತ್ಯೇಕ ಸ್ಕೀಮ್ ಕೊಡುತ್ತೇನೆ. ಟಿಕೆಟ್ ಬರುವ ಮುಂಚೆ ಮಾಡಿದರೆ ಸುಲಭ. ಆಮೇಲೆ ಬದಲಿಸಿದರೆ, ಹೊಸ ವರ್ಕ್‌ಫ್ಲೋದಲ್ಲಿ ಇಲ್ಲದ ಪ್ರತಿ ಸ್ಟೇಟಸ್ಸಿನ ಟಿಕೆಟ್‌ಗಳನ್ನೂ ಎಲ್ಲಿಗೆ ಸೇರಿಸಬೇಕು ಅಂತ ಕೇಳುತ್ತದೆ. ಒಂದೇ ತಂಡ, ಒಂದೇ ಪ್ರಾಜೆಕ್ಟ್ ಇರುವವರಿಗೆ ಟೀಮ್-ಮ್ಯಾನೇಜ್ಡ್ ಸಾಕು. ಅಲ್ಲಿ ಏನು ತಿದ್ದಿದರೂ ಪಕ್ಕದವರಿಗೆ ತಗಲುವುದಿಲ್ಲ. ಆದರೆ ಐದು ಪ್ರಾಜೆಕ್ಟ್ ಆದಾಗ ಐದು ಕಡೆಯೂ ತಿದ್ದಬೇಕು, ಅದೂ ಕಿರಿಕಿರಿ ಅಲ್ವಾ?

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ, ಎರರ್ ಹೇಳದೆ ಮಾಯವಾದ ಆ ಬಟನ್ನಿಗೆ.