ಫೈನಲ್ ಬಿಡಿಎಸ್, 90 ದಿನ: ಒಂದೊಂದೇ ವಿಷಯವೋ, ಜೋಡಿಯೋ?

ಎರಡೂ ಕ್ರಮ ನಡೆಸಿ ನೋಡಿದ ಮೇಲೆ ಬರೆಯುತ್ತಿರುವ ಹೋಲಿಕೆ ಇದು. ವಿಷಯ ಎಂಟು, ದಿನ 90.

ಮೊದಲನೆಯದು ಸರಳ. ವಿಷಯಕ್ಕೆ 11 ದಿನ, ಒಂದು ಮುಗಿಸಿ ಇನ್ನೊಂದು. ವೇಳಾಪಟ್ಟಿ ನೋಡೋಕೆ ಚೆಂದ, ದಿನಕ್ಕೊಂದೇ ಪುಸ್ತಕ ತೆರೆದರೆ ಸಾಕು. ಆದರೆ ಮೊದಲು ಓದಿದ ಪ್ರಾಸ್ತೋ ಎಂಟನೇ ವಿಷಯ ಮುಗಿಯುವ ಹೊತ್ತಿಗೆ 77 ದಿನ ಹಳೆಯದಾಗಿರುತ್ತದೆ. ಕಂಪ್ಲೀಟ್ ಡೆಂಚರಿನ ಹಂತಗಳ ಹೆಸರು ನೆನಪಿರುತ್ತದೆ, ಜಾ ರಿಲೇಷನ್ ಬಗ್ಗೆ ಎರಡು ಪುಟ ಬರೆಯೋಣವೆಂದರೆ ಪೆನ್ನು ನಿಲ್ಲುತ್ತದೆ. ಪುಸ್ತಕ ತಿರುವಿದಾಗ ಎಲ್ಲ ಗೊತ್ತಿದೆ ಅನ್ನಿಸುವುದರಿಂದ ಈ ತೂತು ಪರೀಕ್ಷೆಯವರೆಗೂ ಕಾಣುವುದಿಲ್ಲ.

ಎರಡನೆಯದು ಜೋಡಿ ಕ್ರಮ: ಎರಡೆರಡು ವಿಷಯಕ್ಕೆ 14 ದಿನದಂತೆ 56 ದಿನ, ಎರಡನೇ ಸುತ್ತಿಗೆ ವಿಷಯಕ್ಕೆ 3ರಂತೆ 24, ಉಳಿದ 10 ದಿನ ಬರೆದು ನೋಡೋಕೆ. ಇಲ್ಲಿ ಜೋಡಿ ಕಟ್ಟುವುದೇ ಮುಖ್ಯ. ಕನ್ಸರ್ವೇಟಿವ್ ಜೊತೆ ಪೀಡೊ, ಓರಲ್ ಸರ್ಜರಿ ಜೊತೆ ಓರಲ್ ಮೆಡಿಸಿನ್, ಪೆರಿಯೊ ಜೊತೆ ಇಂಡೆಕ್ಸ್‌ಗಳಿಗಾಗಿ ಪಬ್ಲಿಕ್ ಹೆಲ್ತ್. ಪ್ರಾಸ್ತೋ, ಆರ್ಥೋ ಉಳಿದವು ಅಂತ ಜೋಡಿ, ಅಷ್ಟೆ.

ಟ್ರೈಜೆಮಿನಲ್ ನ್ಯೂರಾಲ್ಜಿಯಾ ತೆಗೆದುಕೊಳ್ಳಿ. ಬೆಳಿಗ್ಗೆ ಓರಲ್ ಮೆಡಿಸಿನ್‌ನಲ್ಲಿ ನೋವಿನ ಲಕ್ಷಣ, ಟ್ರಿಗರ್ ಜೋನ್, ಡಿಫರೆನ್ಷಿಯಲ್ ಡಯಾಗ್ನೋಸಿಸ್, ಕಾರ್ಬಮಜೆಪಿನ್. ಸಂಜೆ ಸರ್ಜರಿಯಲ್ಲಿ ಆಲ್ಕೊಹಾಲ್ ಇಂಜೆಕ್ಷನ್, ಪೆರಿಫೆರಲ್ ನ್ಯೂರೆಕ್ಟಮಿ, ಮೈಕ್ರೋವ್ಯಾಸ್ಕುಲರ್ ಡಿಕಂಪ್ರೆಷನ್. ಲಕ್ಷಣಗಳನ್ನು ಮತ್ತೆ ಓದುವ ಕೆಲಸ ಉಳಿಯಿತು. ಪಲ್ಪೆಕ್ಟಮಿಯೂ ಹಾಗೇ: ಹಾಲುಹಲ್ಲಿಗೆ ಬೇರಿನ ಜೊತೆ ಕರಗುವ ಪೇಸ್ಟ್, ಶಾಶ್ವತ ಹಲ್ಲಿಗೆ ಗಟ್ಟಾಪರ್ಚಾ. ಒಂದೇ ದಿನ ಓದಿದರೆ ವ್ಯತ್ಯಾಸ ತಾನಾಗಿ ಎದ್ದು ಕಾಣುತ್ತದೆ.

ಎಡವಟ್ಟೂ ಇಲ್ಲೇ ಆಗುತ್ತದೆ. ಎರಡೂ ಒಂದೇ ನೋಟ್ಸಿನಲ್ಲಿ ಕಲಸಿಹೋದರೆ ಮೆಡಿಸಿನ್ ಪೇಪರಿನಲ್ಲಿ ಆಪರೇಷನ್ ಹಂತಗಳೇ ಒಂದು ಪುಟ ತುಂಬಿ, ಡಯಾಗ್ನೋಸಿಸ್ ಎರಡು ಸಾಲಿಗೆ ಇಳಿಯುತ್ತದೆ. ಹಾಳೆ ಮಧ್ಯಕ್ಕೆ ಗೆರೆ ಎಳೆದು, ಎಡಕ್ಕೆ ಒಂದು ಪೇಪರ್ ಕೇಳುವುದು, ಬಲಕ್ಕೆ ಇನ್ನೊಂದು ಕೇಳುವುದು ಬರೆದಿಟ್ಟರೆ ಈ ತೊಂದರೆ ಕಡಿಮೆ.

ಯಾವ ಕ್ರಮವಾದರೂ ಅಳತೆ ಒಂದೇ. ಮೂರು ಗಂಟೆಗೆ 70 ಅಂಕವೆಂದರೆ ಅಂಕಕ್ಕೆ ಸುಮಾರು ಎರಡೂವರೆ ನಿಮಿಷ, ಹತ್ತು ಅಂಕದ ಉತ್ತರಕ್ಕೆ 25. ಓದಿದ ಹತ್ತನೇ ದಿನ ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು ಒಂದು ಉತ್ತರ ಬರೆಯಿರಿ. ಚಿತ್ರವೂ ಸೇರಿ ಅಷ್ಟರಲ್ಲಿ ಮುಗಿಯದಿದ್ದರೆ ಮತ್ತೆ ಓದುವಾಗ ಆ ಅಧ್ಯಾಯವೇ ಮೊದಲು ಬರಬೇಕು.

ಜೋಡಿ ಕ್ರಮ ಎಲ್ಲರಿಗೂ ಅಲ್ಲ. ಕ್ಲಿನಿಕಲ್ ಕೋಟಾ ಬಾಕಿಯಿದ್ದು ರಾತ್ರಿ ಎರಡು ಗಂಟೆ ಮಾತ್ರ ಸಿಗುವುದಾದರೆ, ಅದನ್ನು ಎರಡು ವಿಷಯಕ್ಕೆ ಹಂಚಿದಾಗ ಎರಡೂ ಅರ್ಧಂಬರ್ಧ. ಒಂದೆರಡು ವಿಷಯ ಮಾತ್ರ ಬರೆಯಬೇಕಾದವರಿಗೂ ಒಂದೊಂದೇ ಸಾಕು. ಎಂಟೂ ಬರೆಯುವವರಿಗೆ, ದಿನಕ್ಕೆ ಆರು ಗಂಟೆ ಸಿಗುವಂತಿದ್ದರೆ, ಜೋಡಿಯೇ ವಾಸಿ.