ಕೆರೆ ಅಳೆಯಲು ದೊಡ್ಡ ಚೌಕವೋ, ಸಣ್ಣ ಚೌಕವೋ?

ಕೆರೆಯ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಬಿಡಿಸಿ, ಒಳಗಿನ ಚೌಕ ಎಣಿಸಿದರೆ ವಿಸ್ತೀರ್ಣ ಸಿಗುತ್ತದೆ. ನಕ್ಷೆಯ ಸ್ಕೇಲ್ 1:1000 ಅಂದುಕೊಳ್ಳಿ. ಗ್ರಾಫ್ ಹಾಳೆಯ 1 ಸೆಂ.ಮೀ. ಅಂದರೆ ನೆಲದಲ್ಲಿ 10 ಮೀಟರ್. ಹಾಗಾಗಿ ಒಂದು ಸೆಂ.ಮೀ. ಚೌಕಕ್ಕೆ 100 ಚದರ ಮೀಟರ್, ಹೆಚ್ಚುಕಮ್ಮಿ ಒಂದು ಗುಂಟೆ. ಇಲ್ಲೇ ಜಾಸ್ತಿ ಜನ ತಪ್ಪಿ, ಚೌಕಗಳ ಎಣಿಕೆಯನ್ನು 100ರ ಬದಲು ಸುಮ್ನೆ 10ರಿಂದ ಗುಣಿಸಿಬಿಡುತ್ತಾರೆ.

ಈ ಒಂದು ಸೆಂ.ಮೀ.ಯ ದೊಡ್ಡ ಚೌಕದ ಎಣಿಕೆ ಬೇಗ ಮುಗಿಯುತ್ತದೆ. ಕೆರೆಯೊಳಗೆ ಪೂರ್ತಿ ಚೌಕ 26, ಅಂಚಿನಲ್ಲಿ ತುಂಡಾದವು 28 ಇದ್ದರೆ, ತುಂಡುಗಳನ್ನು ಅರ್ಧರ್ಧ ಹಿಡಿದು 26+14=40. ಅಂದರೆ 4000 ಚದರ ಮೀಟರ್, ಸುಮಾರು 39.5 ಗುಂಟೆ. ದುಂಡಗಿನ ಕೆರೆಗೆ ಇಷ್ಟು ಸಾಕು.

ಕೆರೆಗೆ ಉದ್ದನೆಯ, ಸಪೂರ ಬಾಲವಿದ್ದರೆ ಈ ಅರ್ಧದ ಲೆಕ್ಕ ಕೈಕೊಡುತ್ತದೆ. ಅಲ್ಲಿ ಪೂರ್ತಿ ಚೌಕಗಳೇ ಸಿಗುವುದಿಲ್ಲ, ಬರೀ ತುಂಡುಗಳು. ಆಗ 2 ಮಿ.ಮೀ. ಚೌಕ ಎಣಿಸಿ, ಒಂದಕ್ಕೆ 4 ಚದರ ಮೀಟರ್. ಆದರೆ ಇಡೀ ಕೆರೆಗೆ ಸಾವಿರ ಚೌಕ ಯಾರು ಎಣಿಸುತ್ತಾರೆ? ನಡುವೆ ದೊಡ್ಡದು, ಅಂಚಿಗೆ ಮಾತ್ರ ಸಣ್ಣದು ಬಳಸಿ.