ಇಟಲಿಯ ಅಂಗಡಿಗೆ ವಾಪಸಾತಿ ಮೇಲ್ ಕಳಿಸುವ ಮುಂಚೆ ಇದನ್ನು ಓದಿ

ಸೋಮವಾರಪೇಟೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ತೋಟದ ಕಾಫಿಯನ್ನು ಅತಿಥಿಗಳ ಎದುರಿಗೇ ಪುಡಿ ಮಾಡಿ ಕೊಡೋಣ ಅಂತ ಇಟಲಿಯ ಒಂದು ಆನ್‌ಲೈನ್ ಅಂಗಡಿಯಿಂದ ಗ್ರೈಂಡರ್ ತರಿಸಿದೆ. ಬೆಲೆ 189 ಯೂರೋ. ಇಲ್ಲಿ ಕಸ್ಟಮ್ಸ್ ಸುಂಕ ಬೇರೆ ಕಟ್ಟಿದೆ.

ಮೊದಲ ದಿನವೇ ಪುಡಿ ಸರಿಯಾಗಿ ಬರಲಿಲ್ಲ. ಅರ್ಧ ಹಿಟ್ಟಿನ ಹಾಗೆ, ಅರ್ಧ ರವೆಯ ಹಾಗೆ. ಕಾಲು ಕೆಜಿ ಬೀಜ ಹಾಕಿ ನೋಡಿದೆ, ಅದೇ ಕಥೆ. ಬಿಚ್ಚಿ ಟಾರ್ಚ್ ಹಿಡಿದರೆ ಒಳಗಿನ ಉಕ್ಕಿನ ಬಳೆಯಲ್ಲಿ ಎರಡು ಹಲ್ಲು ಮುರಿದಿತ್ತು. ಮೂರನೇ ದಿನ ಮೋಟಾರೂ ನಿಂತಿತು.

ತಪ್ಪು ಇಲ್ಲಿಂದ ಶುರು. ಮೇಲ್ ಗಟ್ಟಿಯಾಗಿರಲಿ, ಕಾನೂನಿನ ಧಾಟಿಯಲ್ಲಿರಲಿ ಅಂತ ಇಂಗ್ಲಿಷಿನಲ್ಲಿ ಹೀಗೆ ಬರೆದೆ: ‘ಈ ಖರೀದಿಯಿಂದ ನಾನು ಹಿಂದೆ ಸರಿಯುತ್ತಿದ್ದೇನೆ, ವಸ್ತು ವಾಪಸ್ ತೆಗೆದುಕೊಂಡು ಹಣ ಮರಳಿಸಿ.’ ಹಲ್ಲು ಮುರಿದ ವಿಷಯ ಕೊನೆಯ ಸಾಲಿನಲ್ಲಿ, ಮೋಟಾರು ಕೊನೆಗೆ ನಿಂತೇಹೋಯಿತು ಅನ್ನುವುದೂ ಅಲ್ಲೇ. ಬೆಂಗಳೂರಿನಲ್ಲಿ ಇಟಾಲಿಯನ್ ಕಲಿಯುತ್ತಿರುವ ಅಣ್ಣನ ಮಗಳು ಪಾಪ, ರಾತ್ರಿ ಕೂತು ಅದನ್ನು ಇಟಾಲಿಯನ್‌ಗೆ ತಂದುಕೊಟ್ಟಳು. ಓದಿ ನೋಡಲು ನನಗೆ ಆ ಭಾಷೆ ಬರುವುದಿಲ್ಲ. ಹಾಗೇ ಕಳಿಸಿದೆ.

ಎರಡು ದಿನಕ್ಕೆ ಉತ್ತರ ಬಂತು, ತುಂಬಾ ಮರ್ಯಾದೆಯಿಂದ. ‘ಕಳಿಸಿ, ವಿಳಾಸ ಇದು’ ಅನ್ನುವಷ್ಟನ್ನೇ ಅರ್ಥ ಮಾಡಿಕೊಂಡೆ. ಮಳೆಯಲ್ಲಿ ಕುಶಾಲನಗರಕ್ಕೆ ಹೋಗಿ ಕೊರಿಯರ್‌ಗೆ ಹಾಕಿದೆ. 6,800 ರೂಪಾಯಿ ಆಯಿತು. ಅದೂ ಹಣದ ಜೊತೆ ವಾಪಸ್ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಬದಲಿಗೆ ‘ಬಳಸಿದ ಗುರುತಿದೆ’ ಅಂತ 189ರಲ್ಲಿ 40 ಯೂರೋ ಹಿಡಿದುಕೊಂಡು ಉಳಿದದ್ದನ್ನು ಕಾರ್ಡಿಗೆ ಹಾಕಿದರು.

ಆಮೇಲೆ ಅಣ್ಣನ ಮಗಳು ಅವರ ಉತ್ತರವನ್ನು ಸಾಲು ಸಾಲಾಗಿ ಓದಿ ಫೋನ್ ಮಾಡಿದಳು. ‘ಚಿಕ್ಕಪ್ಪ, ನೀವು ಮನಸ್ಸು ಬದಲಾಯಿಸಿದ್ದೀರಿ ಅಂತಲೇ ಅವರು ತಿಳ್ಕೊಂಡಿದ್ದಾರೆ. ಗ್ರೈಂಡರ್ ಕೆಟ್ಟಿದೆ ಅನ್ನೋ ಮಾತೇ ಇದರಲ್ಲಿಲ್ಲ.’

‘ಹಿಂದೆ ಸರಿಯುತ್ತೇನೆ’ ಅನ್ನುವುದಕ್ಕೆ ಅಲ್ಲಿ ‘ರೆಚೆಸ್ಸೊ’ ಅನ್ನುತ್ತಾರೆ. ಅವಳ ಅನುವಾದ ಸರಿಯಾಗಿಯೇ ಇತ್ತು, ಕೇಳಿದ್ದು ತಪ್ಪಾಗಿತ್ತು. ಯುರೋಪಿನ ಗ್ರಾಹಕ ಕಾನೂನಿನಲ್ಲಿ ರೆಚೆಸ್ಸೊ ಅಂದರೆ ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣ ಹೇಳದೆ 14 ದಿನದೊಳಗೆ ಬೇಡ ಅನ್ನುವ ಹಕ್ಕು. ವಸ್ತು ಚೆನ್ನಾಗಿದ್ದರೂ ಬೇಡ ಅನ್ನಬಹುದು. ಆದರೆ ಆಗ ವಾಪಸ್ ಕಳಿಸುವ ಖರ್ಚು ಸಾಮಾನ್ಯವಾಗಿ ನಮ್ಮದೇ. ಪರೀಕ್ಷಿಸಿ ನೋಡುವುದಕ್ಕಿಂತ ಜಾಸ್ತಿ ಬಳಸಿದ್ದರೆ ಅಷ್ಟು ಹಣ ಕಳೆಯಬಹುದು. ಕೆಟ್ಟ ವಸ್ತು ಬಂದಿದ್ದರೆ ಅದು ಬೇರೆಯೇ ದಾರಿ. ಅಲ್ಲಿ ಮಾರಿದವರ ಹೊಣೆ ಎರಡು ವರ್ಷ ಇರುತ್ತದೆ. ಮೊದಲು ರಿಪೇರಿ ಅಥವಾ ಬದಲಿ, ಅದು ಆಗದಿದ್ದರೆ ಹಣ. ಖರ್ಚು ಅವರದ್ದು. ಈ ಅಂಗಡಿಯ ಷರತ್ತುಗಳ ಪುಟದಲ್ಲಿ ಹೊರದೇಶದವರಿಗೂ ಇವೇ ಎರಡು ದಾರಿ ಬರೆದಿದ್ದರು. ನಾನಾಗಿಯೇ ಮೊದಲನೆಯದಕ್ಕೆ ಅರ್ಜಿ ಹಾಕಿದ ಹಾಗಾಯಿತು.

ಇನ್ನೊಂದು ಪದವೂ ಕೈಕೊಟ್ಟಿತು. ಮೋಟಾರು ‘ಕೊನೆಗೆ’ ನಿಂತಿತು ಅನ್ನಲು ನಾನು ‘ಇವೆಂಚುವಲಿ’ ಅಂತ ಬರೆದಿದ್ದೆ. ಅವಳು ಅದೇ ರೂಪದ ‘ಎವೆಂತುಆಲ್‌ಮೆಂತೆ’ ಹಾಕಿದಳು. ಇಟಾಲಿಯನ್‌ನಲ್ಲಿ ಅದಕ್ಕೆ ‘ಒಂದು ವೇಳೆ, ಬೇಕಾದರೆ’ ಅಂತ ಅರ್ಥ. ಬೇಕಾಗಿದ್ದದ್ದು ‘ಅಲ್ಲಾ ಫೀನೆ’. ಇದ್ದ ಒಂದೇ ದೂರಿನ ಸಾಲೂ ಅನುಮಾನದ ಮಾತಾಗಿಬಿಟ್ಟಿತು. ಅವಳಿಗೆ ತುಂಬಾ ಬೇಜಾರಾಗಿದೆ, ಆದರೆ ಅವಸರ ಮಾಡಿದ್ದು ನಾನು.

ಎರಡನೇ ಮೇಲ್ ಬರೆದೆವು, ಫೋಟೋ ಸಮೇತ. ‘ರೆಚೆಸ್ಸೊ ಮುಗಿದಿದೆ’ ಅಂದರು. ಮೊದಲ ಮೇಲ್ ಹೀಗೆ ಇರಬೇಕಿತ್ತು:

```
Prodotto arrivato difettoso - ordine n. ...
Non è un recesso: è un difetto di conformità.
Chiedo la sostituzione o il rimborso,
con reso a vostre spese.
```

ವಸ್ತು ಕೆಟ್ಟು ಬಂದಿದೆ, ಇದು ರೆಚೆಸ್ಸೊ ಅಲ್ಲ, ಬದಲಿ ಅಥವಾ ಹಣ ಕೊಡಿ, ವಾಪಸ್ ಖರ್ಚು ನಿಮ್ಮದು ಅಂತ ಇದರ ಅರ್ಥ. ಕೆಳಗೆ ಏನು ಮುರಿದಿದೆ, ಯಾವ ದಿನ ಗೊತ್ತಾಯಿತು ಅಂತ ಎರಡೇ ಸಾಲು ಸಾಕು. ಪೆಟ್ಟಿಗೆ, ಲೇಬಲ್, ಮುರಿದ ಜಾಗ, ಮೂರರ ಫೋಟೋನೂ ಸೇರಿಸಿ. ಅನುವಾದ ಮಾಡಿದವರನ್ನು ಬಿಟ್ಟು ಇಟಾಲಿಯನ್ ಬಲ್ಲ ಇನ್ನೊಬ್ಬರಿಗೆ, ನಿಮ್ಮ ಮೂಲ ಬರಹ ತೋರಿಸದೆ, ‘ಇದರಲ್ಲಿ ಏನು ಕೇಳಿದೆ ಹೇಳಿ’ ಅನ್ನಿ. ನಾನು ಹೀಗೆ ಕೇಳಿದ್ದರೆ ಅವರ ಬಾಯಲ್ಲಿ ಮೊದಲು ಬರುತ್ತಿದ್ದದ್ದು ‘ಬೇಡವಂತೆ’ ಅನ್ನುವ ಮಾತು, ‘ಕೆಟ್ಟಿದೆಯಂತೆ’ ಅಲ್ಲ.

ಉತ್ತರ ಬಂದ ಮೇಲೂ ಪಾರ್ಸೆಲ್ ಕಟ್ಟಬೇಡಿ. `a carico del cliente` ಅಂತಿದ್ದರೆ ಖರ್ಚು ನಿಮ್ಮದು. `a nostro carico` ಅಂತಿದ್ದರೆ ಅವರದ್ದು. ನನಗೆ ಬಂದ ಉತ್ತರದಲ್ಲಿ ಮೊದಲನೆಯದೇ ಇತ್ತು, ನಾಲ್ಕನೇ ಸಾಲಿನಲ್ಲಿ.